ಫೋನ್ ಕೈಗೆ ಬರುವ ಮುಂಚೆ

ಬೀದಿಯಲ್ಲಿ ನಡೆದಾಡುತ್ತಾ ಫೋಟೋ ತೆಗೆಯುವುದನ್ನು ಕಲಿಯಲು ಹೊರಟ ಆರು ಮಕ್ಕಳು, ಒಂದು ಫೋನು. ಅದೂ ಎರವಲು ತಂದದ್ದು. ಹೀಗೆ ಹೇಳಿದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಭಾಗಾಕಾರ. ಎರಡು ಗಂಟೆ ಇದೆ, ಒಬ್ಬೊಬ್ಬರಿಗೆ 20 ನಿಮಿಷ, ಸರದಿ ಪ್ರಕಾರ ಕೊಟ್ಟರಾಯಿತು, ಅಲ್ವಾ? ಹಾಗೆ ಕೊಟ್ಟರೆ ಫೋನ್ ಸಿಕ್ಕವರು ಆ 20 ನಿಮಿಷದಲ್ಲಿ ಸಿಕ್ಕಿದ್ದನ್ನೆಲ್ಲ ಹೊಡೆಯುತ್ತಾರೆ. ಉಳಿದ ಐವರು ಪಕ್ಕದಲ್ಲಿ ನಿಂತು ‘ನಂದ್ಯಾವಾಗ?’ ಅನ್ನುತ್ತಿರುತ್ತಾರೆ. ಕಲಿಯುವವರು ಯಾರೂ ಇಲ್ಲ. ಹೊಡೆಯುವವರಿಗೆ ನೋಡುವ ಪುರುಸೊತ್ತಿಲ್ಲ, ಕಾಯುವವರಿಗೆ ನೋಡುವ ಕಾರಣವಿಲ್ಲ.

ಹದಿಮೂರರಿಂದ ಹದಿನಾರು ವಯಸ್ಸಿನವರನ್ನು ಇಂಥ ನಡಿಗೆಗೆ ಕರೆದುಕೊಂಡು ಹೋಗುವಾಗ ನಾನು ಸಮಯ ಹಂಚುವುದಿಲ್ಲ. ಚಿತ್ರ ಹಂಚುತ್ತೇನೆ. ತಲೆಗೆ ಆರು, ಒಟ್ಟು 36. ಹಳೆಯ 35 ಎಂಎಂ ಫಿಲಂನ ದೊಡ್ಡ ರೋಲಿನಲ್ಲಿ ಇರುತ್ತಿದ್ದದ್ದೂ ಅಷ್ಟೇ. ಒತ್ತಿದರೆ ಒಂದು ಹೋಯಿತು. ಅಲುಗಾಡಿದರೂ ಲೆಕ್ಕ, ಬೆರಳು ಅಡ್ಡ ಬಂದರೂ ಲೆಕ್ಕ. ಅಳಿಸುವ ಹಾಗಿಲ್ಲ, ಏಕೆಂದರೆ ಕೆಟ್ಟ ಚಿತ್ರದಿಂದ ಒಳ್ಳೆಯದಕ್ಕೆ ಹೋಗುವಾಗ ಏನು ಬದಲಾಯಿತು ಅನ್ನುವುದನ್ನು ಆಮೇಲೆ ಪಕ್ಕಪಕ್ಕ ಇಟ್ಟು ನೋಡಬೇಕು.

ಇನ್ನೊಂದು ನಿಯಮವೂ ಇದೆ. ಫೋನ್ ಯಾರ ಕೈಯಲ್ಲೂ ಖಾಯಂ ಇರುವುದಿಲ್ಲ. ಚಿತ್ರ ಕಂಡವರು ‘ಇಲ್ಲಿ’ ಅನ್ನಬೇಕು. ಏನು ಒಳಗೆ ಬರುತ್ತದೆ, ಏನು ಹೊರಗೆ ಉಳಿಯುತ್ತದೆ, ಬೆಳಕು ಎಲ್ಲಿಂದ ಬರುತ್ತಿದೆ, ಈ ಮೂರನ್ನು ಬಾಯಿಬಿಟ್ಟು ಹೇಳಬೇಕು. ಆಮೇಲೆ ಫೋನ್ ಅವರ ಕೈಗೆ. ಶುರುವಿನಲ್ಲಿ ಈ ಮೂರು ಮಾತು ಹೇಳುವುದಕ್ಕೆ ತುಂಬಾ ನಾಚುತ್ತಾರೆ. ‘ಸುಮ್ನೆ, ಚೆನ್ನಾಗಿದೆ ಅದಕ್ಕೆ’ ಅನ್ನುತ್ತಾರೆ. ಆ ಉತ್ತರಕ್ಕೆ ಫೋನ್ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ ಮಾತು ತಾನಾಗಿ ಬರುತ್ತದೆ.

ಈ ಸಲ ಫೋನ್ ಕೊಟ್ಟವರು ಗುಂಪಿನ ಒಬ್ಬ ಹುಡುಗಿಯ ದೊಡ್ಡಮ್ಮ. ಹೊಸ ಫೋನೇನಲ್ಲ. ‘ಯಾರಾದ್ರೂ ಫೋನ್ ಮಾಡಿದ್ರೆ ತೆಗೀಬೇಡಿ, ಆಮೇಲೆ ನಾನೇ ಮಾಡ್ತೀನಿ’ ಅಂದರು. ಎರವಲು ಫೋನಿನ ನಿಜವಾದ ತೊಡಕು ಕರೆಯಲ್ಲ, ಗ್ಯಾಲರಿ. ಅವರ ಮನೆಯ ಫೋಟೋ, ಬ್ಯಾಂಕಿನ ಕಾಗದದ ಫೋಟೋ, ಎಲ್ಲ ಅದರಲ್ಲೇ ಇರುತ್ತದೆ. ಆರು ಜನರ ಬೆರಳು ಒಂದೇ ಒಂದು ಸಲ ಪಕ್ಕಕ್ಕೆ ಜಾರಿದರೂ ಸಾಕು. ಇದಕ್ಕೆ ಒಂದು ಸುಲಭದ ದಾರಿ ಇದೆ. ಫೋನನ್ನು ಅನ್‌ಲಾಕ್ ಮಾಡಲೇಬೇಡಿ. ಲಾಕ್ ಆಗಿರುವ ಪರದೆಯಿಂದಲೇ ಕ್ಯಾಮೆರಾ ತೆರೆದರೆ, ಈಗಿನ ಹೆಚ್ಚಿನ ಫೋನುಗಳಲ್ಲಿ ಆ ಹೊತ್ತಿಗೆ ತೆಗೆದ ಚಿತ್ರಗಳಷ್ಟೇ ಕಾಣುತ್ತವೆ. ಹಳೆಯವನ್ನು ನೋಡಬೇಕು ಅಂದರೆ ಪಿನ್ ಕೇಳುತ್ತದೆ. ಪರದೆ ಆರಿ ಮತ್ತೆ ತೆರೆದರೆ ಐದು ನಿಮಿಷದ ಹಿಂದೆ ನಾವೇ ತೆಗೆದದ್ದೂ ಕಾಣುವುದಿಲ್ಲ. ಮಕ್ಕಳಿಗೆ ಇದು ಕಿರಿಕಿರಿ. ನನಗೆ ಇದು ಬಹಳ ಉಪಯೋಗಕ್ಕೆ ಬಂತು, ಹೇಗೆ ಅಂತ ಮುಂದೆ ಹೇಳುತ್ತೇನೆ.

ಹೊರಡುವ ಮುಂಚೆ ದೊಡ್ಡಮ್ಮನ ಎದುರಿಗೇ, ಅವರ ಕೈಯಿಂದಲೇ ಮೂರು ಕೆಲಸ ಮಾಡಿಸಿದೆವು. ಮೆಸೇಜುಗಳು ಪರದೆ ಮೇಲೆ ಬರದ ಹಾಗೆ ನಿಲ್ಲಿಸುವುದು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಜಾಗದ ಗುರುತು ಸೇರಿಸುವುದನ್ನು ಆಫ್ ಮಾಡುವುದು. ಫೋಟೋ ತಾನಾಗಿ ಅವರ ಖಾತೆಗೆ ಬ್ಯಾಕಪ್ ಆಗುವುದನ್ನು ಅಷ್ಟು ಹೊತ್ತು ತಡೆಯುವುದು. ಕೊನೆಯದನ್ನು ಮರೆತರೆ, ಸಂಜೆ ಫೋನಿನಿಂದ ಅಳಿಸಿದರೂ ಮಕ್ಕಳ ಚಿತ್ರದ ಪ್ರತಿ ಬೇರೆಯವರ ಖಾತೆಯಲ್ಲಿ ಉಳಿದುಬಿಡಬಹುದು. ಆಮೇಲೆ ಹತ್ತಿ ಬಟ್ಟೆಯಿಂದ ಲೆನ್ಸ್ ಒರೆಸಿದೆವು. ಇದು ಸಣ್ಣ ಮಾತಲ್ಲ. ಜೇಬು, ಚೀಲ, ಕೈಯ ಎಣ್ಣೆ ಎಲ್ಲ ಮೆತ್ತಿಕೊಂಡ ಲೆನ್ಸಿನಲ್ಲಿ ಬೆಳಕಿನ ಸುತ್ತ ಮಂಜು ಹಬ್ಬಿದ ಹಾಗೆ ಕಾಣುತ್ತದೆ. ‘ಫೋನ್ ಹಳೇದು ಅಕ್ಕ, ಅದಕ್ಕೇ ಹೀಗೆ’ ಅಂತ ಮಕ್ಕಳು ಫೋನಿನ ಮೇಲೆ ತಪ್ಪು ಹೊರಿಸುತ್ತಾರೆ. ಒರೆಸಿದರೆ ಅರ್ಧಕ್ಕರ್ಧ ಸರಿಹೋಗುತ್ತದೆ.

ಇನ್ನು ರಟ್ಟಿನ ವಿಷಯ. ಫೋನ್ ಒಂದೇ ಇದ್ದರೂ ಫ್ರೇಮು ಆರು ಇರಬಹುದು. ಹಳೆಯ ನೋಟ್‌ಬುಕ್ಕಿನ ರಟ್ಟಿನಲ್ಲಿ 8 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಎತ್ತರದ ಕಿಟಕಿ ಕತ್ತರಿಸಿ ಎಲ್ಲರಿಗೂ ಒಂದೊಂದು ಕೊಟ್ಟೆ. ಫೋನ್ ತೆಗೆಯುವ ಚಿತ್ರದ ಅಳತೆಯೂ ಸಾಮಾನ್ಯವಾಗಿ ಹೀಗೇ, 4ಕ್ಕೆ 3.

ಕೊಟ್ಟ ತಕ್ಷಣ ಎಲ್ಲರೂ ಕೈಯನ್ನು ಪೂರ್ತಿ ಚಾಚಿ ಅದರಲ್ಲಿ ನೋಡುತ್ತಾರೆ. ಸಿನಿಮಾದವರು ಹಾಗೆ ಮಾಡುವುದನ್ನು ನೋಡಿರುತ್ತಾರೆ. ಆದರೆ ಚಾಚಿದ ಕೈಯಲ್ಲಿ ಕಾಣುವ ಚಿತ್ರವನ್ನು ಈ ಫೋನ್ ಯಾವತ್ತೂ ಕೊಡುವುದಿಲ್ಲ. ಫೋನಿನ ಮುಖ್ಯ ಕ್ಯಾಮೆರಾ ತುಂಬಾ ಅಗಲವಾಗಿ ನೋಡುತ್ತದೆ, ಹಳೆಯ ಫಿಲಂ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 26 ಎಂಎಂ ಲೆನ್ಸಿನಷ್ಟು. ಅಷ್ಟೇ ಅಗಲ ರಟ್ಟಿನಲ್ಲಿ ಕಾಣಬೇಕಾದರೆ ಅದನ್ನು ಕಣ್ಣಿನಿಂದ 6 ಸೆಂಟಿಮೀಟರ್ ದೂರದಲ್ಲಿ ಹಿಡಿಯಬೇಕು. ನೆನಪಿಡುವುದು ಸುಲಭ. ಕಿಟಕಿಯ ಎತ್ತರ ಎಷ್ಟೋ, ಕಣ್ಣಿನಿಂದ ದೂರವೂ ಅಷ್ಟೇ. ಒಂದು ಕಣ್ಣು ಮುಚ್ಚಿ, ಮೂರು ಬೆರಳಗಲ ಜಾಗ ಬಿಟ್ಟು ಹಿಡಿಯಿರಿ, ಹೆಚ್ಚುಕಡಿಮೆ ಸರಿಯಾಗುತ್ತದೆ. ಕೈ ಚಾಚಿ 60 ಸೆಂಟಿಮೀಟರ್ ದೂರ ಹಿಡಿದರೆ ಅದು ಹತ್ತು ಪಟ್ಟು ಜೂಮ್ ಮಾಡಿದ ಚಿತ್ರ.

ಹತ್ತಿರ ಹಿಡಿದು ನೋಡಿದಾಗ ಎಲ್ಲರದ್ದೂ ಒಂದೇ ದೂರು. ‘ಅಕ್ಕ, ಬೇಡದ್ದೆಲ್ಲಾ ಬಂದ್ಬಿಡ್ತು!’ ಹೌದು, ಕಂಬ, ತಂತಿ, ಗೆಳತಿಯ ಮೊಣಕೈ, ಎಲ್ಲ ಒಳಗೆ. ಫೋನು ನೋಡುವುದೇ ಹೀಗೆ. ನಮ್ಮ ಕಣ್ಣು ಮಾತ್ರ ಬೇಕಾದದ್ದನ್ನು ಆರಿಸಿಕೊಂಡು ಉಳಿದದ್ದನ್ನು ಕಂಡೂ ಕಾಣದ ಹಾಗೆ ಬಿಡುತ್ತದೆ. ಹಾಗಾದರೆ ಬೇಡದ್ದನ್ನು ಹೊರಗೆ ಹಾಕುವುದು ಹೇಗೆ? ಎರಡು ಬೆರಳಲ್ಲಿ ಜೂಮ್ ಮಾಡುವುದು ಒಂದು, ಕಾಲಲ್ಲಿ ನಡೆದು ಹೋಗುವುದು ಇನ್ನೊಂದು. ಎರಡೂ ಒಂದೇ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ದೊಡ್ಡವರೂ ಅಷ್ಟೇ.

ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮಿಂದ 4 ಮೀಟರ್ ದೂರದಲ್ಲಿ ಒಂದು ಸೈಕಲ್ ಇದೆ. ಅದರ ಹಿಂದೆ ಇನ್ನೂ 20 ಮೀಟರ್ ಆಚೆ ಒಂದು ಗೋಡೆ, ಅದರ ತುಂಬ ಬರಹ. ನೀವು ನಿಂತಲ್ಲೇ ಎರಡು ಪಟ್ಟು ಜೂಮ್ ಮಾಡಿದರೆ ಸೈಕಲ್ಲೂ ಎರಡರಷ್ಟಾಗುತ್ತದೆ, ಗೋಡೆಯ ಬರಹವೂ ಎರಡರಷ್ಟಾಗುತ್ತದೆ. ಕಣ್ಣು ಸೆಳೆಯಲು ಎರಡರ ನಡುವಿನ ಜಗಳ ಹಾಗೇ ಉಳಿಯಿತು. ಅದರ ಬದಲು ಎರಡು ಮೀಟರ್ ಮುಂದೆ ನಡೆಯಿರಿ. ಸೈಕಲ್ ದೂರ 4ರಿಂದ 2ಕ್ಕೆ ಇಳಿಯಿತು, ಎರಡರಷ್ಟು ದೊಡ್ಡದಾಯಿತು. ಗೋಡೆಯ ದೂರ 24ರಿಂದ 22ಕ್ಕೆ ಇಳಿಯಿತು ಅಷ್ಟೇ. ಬರಹ ಇದ್ದಷ್ಟೇ ಇದೆ ಅನ್ನಬಹುದು. ಸೈಕಲ್ ಗೆದ್ದಿತು. ಮಕ್ಕಳು ಇದನ್ನು ರಟ್ಟು ಹಿಡಿದು, ನಾಲ್ಕು ಹೆಜ್ಜೆ ನಡೆದು, ಫೋನ್ ಮುಟ್ಟದೆ ಕಂಡುಕೊಳ್ಳುತ್ತಾರೆ. ಹಳೆಯ ಫೋನಿನಲ್ಲಿ ಜೂಮ್ ಅಂದರೆ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದು. ಹಾಗಾಗಿ ಸ್ಪಷ್ಟತೆಯೂ ಕಮ್ಮಿಯಾಗುತ್ತದೆ.

ಮುಖ ತೆಗೆಯುವಾಗ ಮಾತ್ರ ಇದು ತಿರುಗುಮುರುಗು. ತೀರಾ ಹತ್ತಿರ ಹೋದರೆ ಮೂಗು ದೊಡ್ಡದು, ಕಿವಿ ಸಣ್ಣದು. ಅಲ್ಲಿ ಒಂದೂವರೆ ಮೀಟರ್ ಹಿಂದೆ ನಿಂತು, ಆಮೇಲೆ ಕತ್ತರಿಸಿಕೊಳ್ಳುವುದೇ ವಾಸಿ. ಪರದೆ ಮೇಲೆ ಬರುವ ಗ್ರಿಡ್ ಗೆರೆಗಳ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ನೆಲ ಓರೆಯಾಗದಂತೆ ನೋಡಿಕೊಳ್ಳುವುದಕ್ಕೆ ಅವು ಒಳ್ಳೆಯದು. ಎಲ್ಲವನ್ನೂ ಮೂರನೇ ಒಂದು ಭಾಗದ ಗೆರೆ ಮೇಲೆ ಕೂರಿಸುವುದನ್ನು ಮೊದಲ ದಿನವೇ ಹೇಳಿಕೊಟ್ಟರೆ ಮಕ್ಕಳು ಗೆರೆ ನೋಡುತ್ತಾರೆ, ಎದುರಿಗಿರುವುದನ್ನು ನೋಡುವುದಿಲ್ಲ.

ಬೆಳಕಿಗೂ ಫೋನ್ ಬೇಕಿಲ್ಲ, ಮುಷ್ಟಿ ಸಾಕು. ಕೈ ಮುಂದೆ ಚಾಚಿ ಮುಷ್ಟಿ ಕಟ್ಟಿ ನಿಂತಲ್ಲೇ ಮೆಲ್ಲಗೆ ಒಂದು ಸುತ್ತು ತಿರುಗಬೇಕು. ಸೂರ್ಯ ಬೆನ್ನಿಗಿದ್ದಾಗ ಮುಷ್ಟಿ ಚಪ್ಪಟೆಯಾಗಿ ಕಾಣುತ್ತದೆ, ಬೆರಳಿನ ಗೆಣ್ಣುಗಳ ಏರುತಗ್ಗು ಗೊತ್ತಾಗುವುದಿಲ್ಲ. ಸೂರ್ಯ ಪಕ್ಕಕ್ಕೆ ಬಂದಾಗ ಒಂದೊಂದು ಗೆಣ್ಣೂ ಎದ್ದು ಕಾಣುತ್ತದೆ. ಎದುರಿಗೆ ಬಂದಾಗ ಮುಷ್ಟಿ ಕಪ್ಪು, ಅಂಚು ಮಾತ್ರ ಹೊಳೆಯುತ್ತದೆ. ನೆರಳಿಗೆ ಹೋಗಿ ಮತ್ತೆ ತಿರುಗಿದರೆ ಅಲ್ಲೂ ಬೆಳಕಿಗೆ ದಿಕ್ಕಿದೆ ಅಂತ ಗೊತ್ತಾಗುತ್ತದೆ, ತೆರೆದ ಆಕಾಶ ಇರುವ ಕಡೆ. ಆರು ಜನ ಬೀದಿ ನಡುವೆ ಮುಷ್ಟಿ ಕಟ್ಟಿ ಗಿರಗಿರ ತಿರುಗುವುದನ್ನು ನೋಡಿದವರು ಏನಂದುಕೊಂಡರೋ ಗೊತ್ತಿಲ್ಲ.

ಆ ದಿನ ನಮ್ಮ ಕಥೆ ತಾನಾಗಿ ಸಿಕ್ಕಿತು. ಗುಂಪಿನ ಎತ್ತರದ ಹುಡುಗ ಸೈಕಲ್ ತಳ್ಳಿಕೊಂಡೇ ಬಂದಿದ್ದ. ಹಿಂದಿನ ಚಕ್ರ ಪಂಚರ್. ದಾರಿಯಲ್ಲಿ ಗೋಡೆ ಪಕ್ಕ ಕೂತು ಪಂಚರ್ ಹಾಕುತ್ತಿದ್ದ ಒಬ್ಬರ ಹತ್ತಿರ ನಿಲ್ಲಿಸಿದೆವು. ನಾನು ‘ಅಣ್ಣ, ಮಕ್ಕಳು ಫೋಟೋ ತೆಗೆಯೋದು ಕಲೀತಿದ್ದಾರೆ, ತೆಗೀಬಹುದಾ?’ ಅಂತ ಕೇಳಿದೆ. ಅವರು ಒಂದು ಕ್ಷಣ ಯೋಚಿಸಿ, ‘ಕೈ ತೆಗೀರಮ್ಮ, ಪರವಾಗಿಲ್ಲ. ಮುಖ ಬೇಡ’ ಅಂದರು.

ಮಕ್ಕಳ ಮುಖ ಬಾಡಿತು. ನನಗೆ ಒಳಗೊಳಗೇ ಖುಷಿ. ಮುಖ ತೆಗೆಯಬಹುದು ಅಂದಿದ್ದರೆ 36ರಲ್ಲಿ 30 ಚಿತ್ರ ಅವರು ಕ್ಯಾಮೆರಾ ನೋಡಿ ನಗುವುದೇ ಆಗಿರುತ್ತಿತ್ತು. ಈಗ ಕೆಲಸವನ್ನೇ ನೋಡಬೇಕಾಯಿತು. ಪಂಚರ್ ಕೆಲಸ ಅಂದರೆ ಒಂದು ಪತ್ತೇದಾರಿ ಕಥೆ. ಗಾಳಿ ಎಲ್ಲಿಂದ ಹೋಗುತ್ತಿದೆ ಅನ್ನುವುದು ಪ್ರಶ್ನೆ. ಟೈರಿನ ಒಂದು ಅಂಚನ್ನು ಎಬ್ಬಿಸಿ ಟ್ಯೂಬ್ ಹೊರಗೆಳೆಯುತ್ತಾರೆ, ಗಾಳಿ ತುಂಬುತ್ತಾರೆ, ತುಂಡುತುಂಡಾಗಿ ನೀರಲ್ಲಿ ಅದ್ದುತ್ತಾ ಹೋಗುತ್ತಾರೆ. ತೂತು ಇದ್ದಲ್ಲಿ ಗುಳ್ಳೆ. ಅಲ್ಲಿ ಗುರುತು ಮಾಡಿ, ಒರೆಸಿ, ಉಜ್ಜಿ ಒರಟು ಮಾಡಿ, ಸಲ್ಯೂಷನ್ ಹಚ್ಚಿ, ಅದು ಸ್ವಲ್ಪ ಆರಿ ಅಂಟು ಬರುವ ತನಕ ಕಾದು ಪ್ಯಾಚು ಒತ್ತುತ್ತಾರೆ. ಟೈರಿನ ಒಳಗೆ ಬೆರಳಾಡಿಸಿ ಚುಚ್ಚಿದ್ದು ಏನು ಅಂತ ಹುಡುಕುತ್ತಾರೆ. ಇಷ್ಟು ಚಟಪಟ ನಡೆಯುವ ಕೆಲಸಕ್ಕೆ ಒಂದು ಫೋನು.

ಮೊದಲ ‘ಇಲ್ಲಿ’ ಕನ್ನಡಕದ ಹುಡುಗನದ್ದು. ಗಾಳಿ ಹೋದ ಟೈರು ನೆಲಕ್ಕೆ ಚಪ್ಪಟೆಯಾಗಿ ಅಂಟಿಕೊಂಡದ್ದು ಅವನಿಗೆ ಬೇಕಿತ್ತು. ನಿಂತು ತೆಗೆದ, ಏನೂ ಕಾಣಲಿಲ್ಲ. ಕುಕ್ಕರಗಾಲಲ್ಲಿ ಕೂತು ತೆಗೆದ, ಇನ್ನೂ ಮೇಲಿಂದಲೇ. ಆಗ ಎರಡು ಜಡೆಯ ಹುಡುಗಿ ‘ಲೆನ್ಸ್ ಮೂಲೇಲಿದೆ ಕಣೋ, ಫೋನ್ ತಲೆಕೆಳಗು ಮಾಡು’ ಅಂದಳು. ಅವಳು ಹೇಳಿದ್ದು ಸರಿ. ಫೋನಿನ ಲೆನ್ಸ್ ಮೇಲಿನ ತುದಿಯಲ್ಲಿರುತ್ತದೆ. ತಲೆಕೆಳಗು ಹಿಡಿದರೆ ಅದು ನೆಲಕ್ಕೆ ಎರಡು ಬೆರಳಷ್ಟು ಹತ್ತಿರ ಬರುತ್ತದೆ. ಆ ಎತ್ತರದಿಂದ ನೋಡಿದರೆ ಟೈರಿನ ಮಡಿಕೆ, ಅದರ ಮೇಲೆ ಕೂತ ರಿಮ್ಮಿನ ಭಾರ, ಎರಡೂ ಕಣ್ಣಿಗೆ ಹೊಡೆಯುವ ಹಾಗೆ ಬಂತು.

ಆಮೇಲೆ ಬೆಳಕು ಕೈಕೊಟ್ಟಿತು. ಅಣ್ಣ ಕೂತಿದ್ದು ಗೋಡೆಯ ನೆರಳಿನ ಅಂಚಿನಲ್ಲಿ. ಮೈಯೆಲ್ಲ ನೆರಳಲ್ಲಿ, ಕೈ ಮಾತ್ರ ಬಿಸಿಲಲ್ಲಿ. ತೆಗೆದವರಿಗೆಲ್ಲ ಕೈ ಬೆಳ್ಳಗೆ ಸುಟ್ಟ ಹಾಗೆ ಬಂತು, ಬೆರಳಿನ ಗೆರೆಯೂ ಇಲ್ಲ. ಫೋನಿನ ಬುದ್ಧಿ ಇಷ್ಟೇ. ಫ್ರೇಮಿನಲ್ಲಿ ಜಾಸ್ತಿ ಜಾಗ ಕತ್ತಲೆ ಇದ್ದರೆ ಅದನ್ನು ಬೆಳಗಿಸಲು ಹೋಗಿ, ಬಿಸಿಲಲ್ಲಿರುವುದನ್ನು ಹಾಳು ಮಾಡುತ್ತದೆ. ಅದಕ್ಕೆ ನಾವು ಹೇಳಬೇಕು. ಪರದೆ ಮೇಲೆ ಕೈ ಇರುವ ಜಾಗವನ್ನು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್ಸೂ ಬೆಳಕೂ ಅಲ್ಲೇ ಲಾಕ್ ಆಗುತ್ತವೆ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಚಿತ್ರ ಕಪ್ಪಾಗುತ್ತಾ ಹೋಗುತ್ತದೆ, ಕೈಯ ಗೆರೆಗಳು ವಾಪಸ್ ಬರುತ್ತವೆ. ಎಲ್ಲಿಗೆ ನಿಲ್ಲಿಸಬೇಕು? ಬೆಳಕಿನಲ್ಲಿರುವ ಚರ್ಮದ ಬಣ್ಣ ಕಾಣುವಲ್ಲಿಗೆ. ಸ್ವಲ್ಪ ಕಪ್ಪಾದದ್ದನ್ನು ಆಮೇಲೆ ಬೆಳಕು ಹೆಚ್ಚಿಸಿ ಎತ್ತಬಹುದು. ಪೂರ್ತಿ ಬೆಳ್ಳಗಾದದ್ದರಲ್ಲಿ ಎತ್ತುವುದಕ್ಕೆ ಏನೂ ಉಳಿದಿರುವುದಿಲ್ಲ.

ಆದರೆ ನಾನು ವಿವರವಾಗಿ ಹೇಳಬೇಕು ಅಂದುಕೊಂಡಿರುವುದು ಗುಳ್ಳೆಯ ಚಿತ್ರದ ಬಗ್ಗೆ.

ಅಣ್ಣ ಟ್ಯೂಬನ್ನು ನೀರಿನ ಬೋಗುಣಿಗೆ ಅದ್ದಿದ ಕೂಡಲೇ ಎರಡು ಜಡೆಯ ಹುಡುಗಿ ‘ಇಲ್ಲಿ’ ಅಂದಳು. ಒಳಗೆ ಬೋಗುಣಿ, ಟ್ಯೂಬು, ಹೆಬ್ಬೆರಳು. ಹೊರಗೆ ಉಳಿದದ್ದೆಲ್ಲ. ಬೆಳಕು ಎಡಗಡೆಯಿಂದ. ಸರಿ, ಫೋನ್ ಕೊಟ್ಟೆ. ಒತ್ತಿದಳು. ಬಂದದ್ದು ಬರೀ ಬಿಳಿ ಹಾಳೆ. ನೀರು ಕನ್ನಡಿಯ ಕೆಲಸ ಮಾಡುತ್ತಿತ್ತು, ಆಕಾಶವನ್ನು ತೋರಿಸುತ್ತಿತ್ತು. ಗುಳ್ಳೆಯೂ ಬಿಳಿ, ಆಕಾಶವೂ ಬಿಳಿ. ಸಾಲದ್ದಕ್ಕೆ ಫೋಕಸ್ ಕೂಡ ತಪ್ಪಿತ್ತು. ನೀರಿನಲ್ಲಿ ಕಾಣುವ ಮೋಡಕ್ಕೆ ಫೋಕಸ್ ಮಾಡಿದರೆ ಕ್ಯಾಮೆರಾ ನಿಜವಾದ ಮೋಡದಷ್ಟು ದೂರಕ್ಕೇ ನೋಡುತ್ತದೆ, ನೀರಿನ ಮೇಲ್ಮೈ ಮಸುಕಾಗುತ್ತದೆ.

ಅವಳು ಸಪ್ಪೆ ಮುಖ ಮಾಡಿಕೊಂಡಳು. ಅಷ್ಟರಲ್ಲಿ ಕೈಯಲ್ಲಿ ಫೋನಿಲ್ಲದ ಇನ್ನೊಬ್ಬ, ಕಡುನೀಲಿ ಅಂಗಿಯವನು, ಗುಳ್ಳೆ ನೋಡಲು ಎದುರುಗಡೆಯಿಂದ ಬಗ್ಗಿದ. ರಟ್ಟು ಹಿಡಿದು ನೋಡುತ್ತಿದ್ದ ಹುಡುಗಿಯೊಬ್ಬಳು ಕಿರುಚಿದಳು, ‘ಏಯ್ ಅಲ್ಲೇ ಇರು, ಅಲುಗಾಡಬೇಡ!’ ಅವನ ಅಂಗಿ ನೀರಿನಲ್ಲಿ ಕಾಣುತ್ತಿದ್ದ ಜಾಗದಲ್ಲಿ ಮಾತ್ರ ನೀರು ಕಪ್ಪಾಗಿತ್ತು. ಆ ಕಪ್ಪಿನ ಮೇಲೆ ಸಾಲಾಗಿ ಏಳುತ್ತಿದ್ದ ಗುಳ್ಳೆಗಳು ಒಂದೊಂದೂ ಎಣಿಸುವ ಹಾಗೆ ಹೊಳೆಯುತ್ತಿದ್ದವು.

ಇದಕ್ಕೆ ಕಾರಣ ಸರಳ. ನೀರು, ಗಾಜು, ಹೊಳೆಯುವ ಲೋಹ, ಇವು ನಮಗೆ ತೋರಿಸುವುದು ನಮ್ಮ ಎದುರುದಿಕ್ಕಿನಲ್ಲಿರುವುದನ್ನು. ಕ್ಯಾಮೆರಾದಿಂದ ನೀರಿಗೆ ಯಾವ ಓರೆಯಲ್ಲಿ ನೋಟ ಇಳಿಯುತ್ತದೋ, ಅದೇ ಓರೆಯಲ್ಲಿ ಆಚೆ ಬದಿಗೆ ಏರುತ್ತದೆ. ಆ ದಾರಿಯಲ್ಲಿ ಬಿಳಿ ಇದ್ದರೆ ನೀರು ಬಿಳಿ, ಕಪ್ಪಿದ್ದರೆ ನೀರು ಕಪ್ಪು. ಹಾಗಾಗಿ ಕಡುಬಣ್ಣದ್ದು ಏನಾದರೂ ನಿಲ್ಲಬೇಕಾದದ್ದು ತೆಗೆಯುವವರ ಹಿಂದೆ ಅಲ್ಲ, ಎದುರಿಗೆ. ಆದರೆ ಪಕ್ಕದಿಂದ ಬರುವ ಬಿಸಿಲಿಗೆ ಅಡ್ಡ ಬರಬಾರದು, ಬಂದರೆ ಗುಳ್ಳೆಯ ಹೊಳಪೂ ಹೋಗುತ್ತದೆ. ಒಬ್ಬರೇ ಫೋನ್ ಹಿಡಿದು ಹೋಗಿದ್ದರೆ ಈ ಚಿತ್ರ ಸಿಗುತ್ತಿರಲಿಲ್ಲ. ಎದುರಿಗೆ ನಿಲ್ಲಲು ಅಂಗಿ ಬೇಕಿತ್ತು, ಅದನ್ನು ಗಮನಿಸಲು ಕೈ ಖಾಲಿ ಇದ್ದ ಇನ್ನೊಬ್ಬರು ಬೇಕಿತ್ತು.

ಅವಳು ಟ್ಯೂಬಿನ ಅಂಚಿನ ಮೇಲೆ ಒತ್ತಿ ಫೋಕಸ್ ಲಾಕ್ ಮಾಡಿದಳು. ನೀರಿಗೆ ಒಂದು ಗೇಣಿಗಿಂತ ಹತ್ತಿರ ಹೋಗಬೇಡ ಅಂತ ನಾನು ಹೇಳಿದ್ದೆ. ತೀರಾ ಹತ್ತಿರಕ್ಕೆ ಹೋದರೆ ಇಂಥ ಫೋನಿನ ಮುಖ್ಯ ಲೆನ್ಸಿಗೆ ಫೋಕಸ್ಸೇ ಆಗುವುದಿಲ್ಲ, ಪರದೆ ಸಣ್ಣದಾದ್ದರಿಂದ ಅಲ್ಲಿ ಅದು ಗೊತ್ತಾಗುವುದೂ ಇಲ್ಲ. ಒತ್ತಿದಳು. ಬಂತು. ಕಪ್ಪು ನೀರು, ಬಲಗಡೆ ಕೆಳಗೆ ಒದ್ದೆಯಾದ ಹೆಬ್ಬೆರಳು, ಅದರ ಪಕ್ಕದಿಂದ ಮೇಲಕ್ಕೆ ಮಣಿಸರದ ಹಾಗೆ ಗುಳ್ಳೆಗಳು.

ಎಲ್ಲರೂ ಕೂಗಾಡಿದರು. ಅಣ್ಣನೂ ನೋಡಿ ನಕ್ಕರು. ಅವಳ ಹತ್ತಿರ ಇನ್ನೂ ಚಿತ್ರ ಬಾಕಿ ಇದ್ದವು. ‘ಅಣ್ಣ, ಇನ್ನೊಂದ್ಸಲ ಅದ್ದಿ’ ಅನ್ನಲೇ ಅಂತ ನನ್ನನ್ನು ಕೇಳಿದಳು. ಬೇಡ ಅಂದೆ. ನಡೆಯುತ್ತಿರುವ ಕೆಲಸವನ್ನು ನಮಗೋಸ್ಕರ ಮತ್ತೆ ಮಾಡಿಸಿದರೆ ಅದು ನಾಟಕವಾಗುತ್ತದೆ. ನಾಟಕ ತಪ್ಪಲ್ಲ, ಆದರೆ ಅದನ್ನು ‘ಹೀಗೆ ನಡೆಯಿತು’ ಅಂತ ತೋರಿಸುವ ಹಾಗಿಲ್ಲ. ಇದರಲ್ಲಿ ನಾನು ಸ್ವಲ್ಪ ಮಡಿವಂತೆ. ಬೇರೆಯವರು ಒಪ್ಪದಿರಬಹುದು.

‘ಪ್ಯಾಚ್ ಹಾಕಿದ್ಮೇಲೆ ಇನ್ನೊಂದ್ಸಲ ಅದ್ದಿ ನೋಡ್ತೀನಲ್ಲಮ್ಮ’ ಅಂದರು ಅಣ್ಣ, ನಮ್ಮ ಮಾತು ಕೇಳಿಸಿಕೊಂಡು.

ಅವಳು ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ಚಪ್ಪಲಿ ಬಿಚ್ಚಿ ತಾನು ನಿಂತಿದ್ದ ಜಾಗದಲ್ಲೇ ಗುರುತಿಗೆ ಬಿಟ್ಟಳು. ಕಡುನೀಲಿ ಅಂಗಿಯವನಿಗೆ ‘ನೀನೂ ಎಲ್ಲೂ ಹೋಗಬೇಡ’ ಅಂದಳು. ಅವಳಿಗೆ ಹೊಳೆದದ್ದು ಇದು: ಅದೇ ಜಾಗ, ಅದೇ ಕಪ್ಪು ನೀರು, ಅದೇ ಹೆಬ್ಬೆರಳು, ಗುಳ್ಳೆ ಮಾತ್ರ ಇಲ್ಲ. ಎರಡನ್ನೂ ಜೋಡಿಯಾಗಿ ಇಟ್ಟರೆ ‘ಸರಿಹೋಯಿತು’ ಅಂತ ಬರೆಯುವುದೇ ಬೇಡ.

ಇಲ್ಲೇ ಲಾಕ್ ಆದ ಫೋನು ಕೆಲಸಕ್ಕೆ ಬಂದದ್ದು. ಅಷ್ಟರಲ್ಲಿ ಪರದೆ ಆರಿಹೋಗಿತ್ತು, ಹಿಂದಿನ ಚಿತ್ರ ನೋಡಿ ಅಳತೆ ಕೂಡಿಸುವ ಹಾಗಿರಲಿಲ್ಲ. ಹೆಬ್ಬೆರಳು ಎಲ್ಲಿತ್ತು, ಬೋಗುಣಿಯ ಅಂಚು ಎಷ್ಟು ಒಳಗಿತ್ತು, ಎಲ್ಲವನ್ನೂ ನೆನಪಿನಿಂದ ಹೇಳಬೇಕಾಯಿತು. ಅವಳಿಗೆ ಅರ್ಧ ನೆನಪಿತ್ತು. ಉಳಿದದ್ದನ್ನು ರಟ್ಟು ಹಿಡಿದು ನೋಡಿದ್ದವರು ತುಂಬಿದರು. ಸಲ್ಯೂಷನ್ ಆರುವ ತನಕ ನಡೆದದ್ದು ಅದೇ ವಾದ. ಕೊನೆಗೆ ಅಣ್ಣ ಅದ್ದಿದಾಗ ಅವಳು ಒಂದೇ ಸಲ ಒತ್ತಿದಳು. ಬೆರಳು ಹಿಂದಿನದಕ್ಕಿಂತ ಚೂರು ಎಡಕ್ಕಿತ್ತು, ಅಷ್ಟೇ.

ನಡುವೆ ಬೇರೆಯವರ ಚಿತ್ರಗಳೂ ಆದವು. ಅವನ್ನೆಲ್ಲ ಇಲ್ಲಿ ಹೇಳುತ್ತಾ ಹೋಗುವುದಿಲ್ಲ. ಒಂದರಲ್ಲಿ ಸುತ್ತಿಗೆ ಎರಡೆರಡಾಗಿ ಬಂದಿತ್ತು. ಫೋನು ಒಂದು ಚಿತ್ರಕ್ಕೆ ಹಲವು ಚಿತ್ರ ತೆಗೆದು ಸೇರಿಸುವಾಗ ಓಡಾಡುವ ವಸ್ತು ಹೀಗೆ ದೆವ್ವದ ಹಾಗೆ ಕಾಣುವುದುಂಟು. ಇನ್ನೊಂದರಲ್ಲಿ ಟೈರಿನಿಂದ ಸಿಕ್ಕ ಮೊಳೆ ಅಂಗೈ ಮೇಲಿತ್ತು, ಫೋಕಸ್ ಮಾತ್ರ ಹಿಂದಿನ ನೆಲದ ಮೇಲೆ. ಮೊಳೆ ಅಷ್ಟು ಸಣ್ಣದು, ಒತ್ತಿ ತೋರಿಸದೆ ಫೋನಿಗೆ ಗೊತ್ತಾಗುವುದಿಲ್ಲ. ಎರಡನೇ ಸಲ ಸರಿ ಬಂತು.

ಆಮೇಲೆ ಆರಿಸುವ ಕೆಲಸ. 36ರಿಂದ ಐದು. ಒಂದು ಫೋನಿನ ಪರದೆಯಲ್ಲಿ ಇದು ಆಗದ ಮಾತು. ಒಂದರ ನಂತರ ಒಂದು ತಳ್ಳುತ್ತಾ ಹೋದರೆ ಹಿಂದಿನದು ಮರೆತೇಹೋಗುತ್ತದೆ. ದೊಡ್ಡಮ್ಮನ ಮನೆಯಲ್ಲಿ ಕೂತು, ಅವರಿಂದಲೇ ಫೋನ್ ತೆರೆಸಿ, ನಮ್ಮ 36ನ್ನು ಬೇರೆ ಆಲ್ಬಮ್ಮಿಗೆ ಹಾಕಿಕೊಂಡೆವು. ಪ್ರತಿಯೊಂದು ಚಿತ್ರಕ್ಕೂ ಒಂದು ಚೀಟಿ. ಅದರ ಮೇಲೆ ಕ್ರಮಸಂಖ್ಯೆ, ನಾಲ್ಕು ಗೆರೆಯ ಗೀಚುಚಿತ್ರ. ಚೀಟಿಗಳನ್ನು ನೆಲದ ಮೇಲೆ ಹರಡಿದರೆ ಎಲ್ಲ ಒಟ್ಟಿಗೆ ಕಾಣುತ್ತದೆ, ಎತ್ತಿ ಅತ್ತಿತ್ತ ಇಡಬಹುದು. ಗೀಚಲು ಕೂತಾಗ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಯಾವ ಚಿತ್ರವನ್ನು ನಾಲ್ಕು ಗೆರೆಯಲ್ಲಿ ಗೀಚಲು ಆಗುವುದಿಲ್ಲವೋ, ಅದರೊಳಗೆ ಸಾಮಾನ್ಯವಾಗಿ ಏನೇನೋ ತುಂಬಿಕೊಂಡಿರುತ್ತದೆ.

ಮಕ್ಕಳು ಗುಳ್ಳೆಯ ಚಿತ್ರವನ್ನೇ ಮೊದಲು ಇಟ್ಟರು. ಎಲ್ಲದಕ್ಕಿಂತ ಚೆನ್ನಾಗಿದೆ, ಮೊದಲು ಅದೇ ಬರಲಿ ಅಂತ. ನಾನು ಏನೂ ಹೇಳಲಿಲ್ಲ. ಜೊತೆಗೆ ಬಂದಿರದವರಿಗೆ ತೋರಿಸೋಣ ಅಂದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ‘ಏನೋ ತೊಳೀತಿದ್ದಾರೆ. ಸೋಪಿನ ನೊರೆನಾ ಇದು?’

ನಿಶ್ಶಬ್ದ. ಆಮೇಲೆ ಕನ್ನಡಕದ ಹುಡುಗ ತನ್ನ ಚಪ್ಪಟೆ ಟೈರಿನ ಚೀಟಿಯನ್ನು ಮೆಲ್ಲಗೆ ಮೊದಲ ಜಾಗಕ್ಕೆ ತಳ್ಳಿದ. ಆ ಚಿತ್ರ ಅಷ್ಟೇನೂ ಚೆಂದವಿಲ್ಲ. ಆದರೆ ಅದು ಪ್ರಶ್ನೆ ಕೇಳುತ್ತದೆ. ಪ್ರಶ್ನೆ ಗೊತ್ತಿದ್ದರೆ ಗುಳ್ಳೆ ಉತ್ತರ, ಗೊತ್ತಿಲ್ಲದಿದ್ದರೆ ಸೋಪಿನ ನೊರೆ.

ಇನ್ನೊಂದು ಚಿತ್ರವಿತ್ತು. ಸೈಕಲ್ಲಿನ ಹುಡುಗ ಗೋಡೆಗೆ ಒರಗಿ ಕೆಳಗೆ ನೋಡುತ್ತಾ ನಿಂತದ್ದು. ಮುಖದಲ್ಲಿ ಅಂಥ ಭಾವವೇನೂ ಇಲ್ಲ. ಅದನ್ನು ಗುಳ್ಳೆಯ ಮುಂಚೆ ಇಟ್ಟಾಗ ಎಲ್ಲರಿಗೂ ಅವನು ಚಿಂತೆಯಲ್ಲಿರುವ ಹಾಗೆ ಕಂಡಿತು. ಮೊಳೆಯ ನಂತರ ಇಟ್ಟಾಗ ಸಿಟ್ಟಲ್ಲಿರುವ ಹಾಗೆ. ಗುಳ್ಳೆಯಿಲ್ಲದ ನೀರಿನ ನಂತರ ಇಟ್ಟಾಗ ನಿರಾಳ. ಮುಖ ಒಂದೇ. ರಷ್ಯಾದ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆ ಸಿನಿಮಾದಲ್ಲಿ ಇದನ್ನೇ ಮಾಡಿ ತೋರಿಸಿದ್ದು. ಒಬ್ಬ ನಟನ ಒಂದೇ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಇಟ್ಟರೆ ಜನ ಆ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡರು ಅನ್ನುತ್ತಾರೆ. ‘ನಂಗೆ ಆಗ ಬೋರ್ ಆಗ್ತಿತ್ತು ಅಷ್ಟೇ’ ಅಂದ ಆ ಹುಡುಗ. ಹಾಗಾದರೆ ಎಲ್ಲಿ ಇಟ್ಟರೆ ಅದು ಸುಳ್ಳಾಗುವುದಿಲ್ಲ ಅನ್ನುವ ಚರ್ಚೆ ಶುರುವಾಯಿತು. ಸಿಟ್ಟಿನ ಜಾಗ ಎಲ್ಲರೂ ಒಟ್ಟಿಗೆ ಬೇಡ ಅಂದರು, ಅವನಿಗೆ ಸಿಟ್ಟು ಬಂದಿರಲಿಲ್ಲ. ಕೊನೆಗೆ ಟೈರಿನ ನಂತರ, ಎರಡನೆಯದಾಗಿ ಉಳಿಯಿತು. ಅಲ್ಲಿ ಅವನು ಕಾಯುತ್ತಿದ್ದಾನೆ ಅಂತಷ್ಟೇ ಅನಿಸುತ್ತದೆ, ಅದು ನಿಜವೂ ಹೌದು. ಆಮೇಲೆ ಗುಳ್ಳೆ, ಮೊಳೆ, ಗುಳ್ಳೆಯಿಲ್ಲದ ನೀರು.

ಕೊನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡುವಾಗ ಎರಡು ಜಡೆಯವಳೇ ಕಂಡುಹಿಡಿದಳು. ಎಡಗಡೆ ಮೇಲಿನ ಮೂಲೆಯಲ್ಲಿ, ನೀರಿನೊಳಗೆ, ಅಣ್ಣನ ಅರ್ಧ ಮುಖ. ಬಗ್ಗಿದಾಗ ಪ್ರತಿಬಿಂಬ ಬಿದ್ದಿತ್ತು. ಗುಳ್ಳೆ ಇದ್ದಾಗ ನೀರು ಅಲುಗಾಡುತ್ತಿದ್ದರಿಂದ ಮೊದಲ ಚಿತ್ರದಲ್ಲಿ ಅದು ಕಂಡಿರಲಿಲ್ಲ. ‘ಯಾರಿಗೂ ಗೊತ್ತಾಗಲ್ಲ’ ಅಂದ ಒಬ್ಬ. ‘ಅವರ ಮನೆಯವರಿಗೆ ಗೊತ್ತಾಗುತ್ತೆ’ ಅಂದಳು ಅವಳು. ಮುಖ ಬೇಡ ಅಂದಿದ್ದರು, ಅಷ್ಟೇ ವಿಷಯ. ಎಡಗಡೆಯಿಂದ ಮತ್ತು ಮೇಲಿನಿಂದ ಕತ್ತರಿಸಿದೆವು. ಒಂದನ್ನೇ ಕತ್ತರಿಸಿದರೆ ಜೋಡಿ ಕೆಡುತ್ತದೆ, ಹೆಬ್ಬೆರಳು ಒಂದರಲ್ಲಿ ದೊಡ್ಡದು ಒಂದರಲ್ಲಿ ಸಣ್ಣದು ಕಾಣುತ್ತದೆ. ಹಾಗಾಗಿ ಗುಳ್ಳೆಯ ಚಿತ್ರವನ್ನೂ ಅಷ್ಟೇ ಅಳತೆಗೆ ಕತ್ತರಿಸಬೇಕಾಯಿತು. ಅದರಲ್ಲಿ ಮೇಲಿನ ಎರಡು ಗುಳ್ಳೆ ಹೋದವು. ಅವಳಿಗೆ ಅದು ಇನ್ನೂ ಬೇಜಾರು.

ಕತ್ತರಿಸುವಾಗ ಒಂದು ಎಚ್ಚರ ಬೇಕು. ಎಷ್ಟೋ ಫೋನುಗಳು ಕತ್ತರಿಸಿದ ಮೇಲೂ ಮೂಲ ಚಿತ್ರವನ್ನು ಒಳಗೇ ಇಟ್ಟುಕೊಂಡಿರುತ್ತವೆ, ‘ಮೊದಲಿನಂತೆ ಮಾಡು’ ಅಂದರೆ ಮುಖ ಮತ್ತೆ ಬಂದುಬಿಡುತ್ತದೆ. ಅದಕ್ಕೆ ಕತ್ತರಿಸಿದ್ದನ್ನು ಬೇರೆ ಪ್ರತಿಯಾಗಿ ಉಳಿಸಿ, ಆ ಪ್ರತಿಯನ್ನಷ್ಟೇ ಕೇಬಲ್ಲಿನಲ್ಲಿ ನನ್ನ ಕಂಪ್ಯೂಟರಿಗೆ ಹಾಕಿಕೊಂಡೆ. ಅಣ್ಣನ ಮುಖ ಇರದ ಉಳಿದ ಚಿತ್ರಗಳನ್ನೂ ಹಾಗೇ. ಆಮೇಲೆ ಫೋನಿನಲ್ಲಿದ್ದ ನಮ್ಮ ಆಲ್ಬಮ್ ಅಳಿಸಿ, ಅಳಿಸಿದವು ಹೋಗಿ ಕೂರುವ ಬುಟ್ಟಿಯನ್ನೂ ದೊಡ್ಡಮ್ಮನ ಕೈಯಿಂದಲೇ ಖಾಲಿ ಮಾಡಿಸಿದೆ, ನಮ್ಮವಷ್ಟನ್ನೇ ಆರಿಸಿ. ಅವರು ತಾವೇ ಅಳಿಸಿದ ಏನಾದರೂ ಅಲ್ಲಿ ಇರಬಹುದು, ಅದು ಅವರಿಗೆ ಬಿಟ್ಟದ್ದು. ಕೊನೆಗೆ ಬ್ಯಾಕಪ್ಪನ್ನು ಮತ್ತೆ ಆನ್ ಮಾಡಿಸಿದೆ. ಅಷ್ಟರಲ್ಲಿ ಅವರಿಗೆ ನಾಲ್ಕು ಮಿಸ್ಡ್ ಕಾಲ್ ಬಂದಿದ್ದವು, ಒಂದೊಂದಕ್ಕೂ ವಾಪಸ್ ಮಾಡಲು ಕೂತರು.